385ನ್ನು ಎರಡರಿಂದ ಗುಣಿಸಿದರೆ ಸಾಕಾ? ಕ್ಲಸ್ಟರ್ ಸರ್ವೆಯ ಲೆಕ್ಕ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ ಅಂತ ಸರ್ವೆ ಮಾಡಬೇಕು. ಸೂತ್ರ ಹಾಕಿದರೆ 385 ಬಂತು. ಕ್ಲಸ್ಟರ್ ಸ್ಯಾಂಪ್ಲಿಂಗ್ ಅಲ್ವಾ, ಎರಡರಿಂದ ಗುಣಿಸಿ 770 ಮಾಡು ಅಂದರು ನಮ್ಮ ಗೈಡ್. ಯಾಕೆ ಎರಡೇ? 15 ಊರಲ್ಲಿ 770 ಜನರನ್ನು ಮುಗಿಸಿದರೆ ಆಗುತ್ತಾ?

15 ಊರಲ್ಲಿ ಆಗುವುದಿಲ್ಲ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ನಾನು ಮೂಡಿಗೆರೆ ಕಡೆ ಇಂಥದ್ದೇ ಸರ್ವೆ ಮಾಡಿ ಇದೇ ಜಾಗದಲ್ಲಿ ಎಡವಿದ್ದೇನೆ.

ನಿಮ್ಮ 385 ಸರಿಯಾಗಿಯೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್-5ರಲ್ಲಿ ಕರ್ನಾಟಕದ ಹೆಂಗಸರ ರಕ್ತಹೀನತೆ ಶೇ. 47.8 ಇತ್ತು. ಹಾಗಾಗಿ ಸೂತ್ರದಲ್ಲಿ ಶೇ. 50 ಅಂತ ಹಿಡಿದಿದ್ದು ಒಳ್ಳೆಯದು, ಆಚೆ ಈಚೆ ಶೇ. 5ರ ಅಂತರವೂ ಸರಿ. ಆದರೆ ಆ 385 ಯಾರು ಅಂತ ನೋಡಿ. ಇಡೀ ತಾಲ್ಲೂಕಿನ ಹೆಂಗಸರ ಹೆಸರನ್ನೆಲ್ಲ ಒಂದು ಡಬ್ಬಿಗೆ ಹಾಕಿ ಒಂದೊಂದೇ ಚೀಟಿ ಎತ್ತಿದರೆ ಬೇಕಾಗುವ ಸಂಖ್ಯೆ ಅದು. ನೀವು ಹಾಗೆ ಮಾಡುತ್ತಿಲ್ಲ. ಮೊದಲು ಊರನ್ನು ಎತ್ತುತ್ತೀರಿ, ಆಮೇಲೆ ಆ ಊರೊಳಗೆ ಜನರನ್ನು ಎತ್ತುತ್ತೀರಿ.

ಕಾಫಿ ತೋಟದ ಒಂದು ಲೈನು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ಬಾಗಿಲು, ಹತ್ತು ಸಂಸಾರ. ಎಲ್ಲರಿಗೂ ಒಂದೇ ನ್ಯಾಯಬೆಲೆ ಅಂಗಡಿ, ಹೆಚ್ಚುಕಮ್ಮಿ ಒಂದೇ ಕೂಲಿ. ಅದೇ ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ಓಡಾಟ, ಹಾಗಾಗಿ ಕೊಕ್ಕೆಹುಳ ಒಬ್ಬರಿಗಿದ್ದರೆ ಪಕ್ಕದವರಿಗೂ ಇರುವ ಸಂಭವ ಜಾಸ್ತಿ. ಕಬ್ಬಿಣದ ಮಾತ್ರೆ ತಂದುಕೊಡುವ ಆಶಾ ಕಾರ್ಯಕರ್ತೆಯೂ ಒಬ್ಬರೇ. ಮೊದಲ ಮೂರು ಬಾಗಿಲಲ್ಲಿ ಹಿಮೋಗ್ಲೋಬಿನ್ ನೋಡಿದ ಮೇಲೆ ನಾಲ್ಕನೆಯ ಬಾಗಿಲಲ್ಲಿ ಎಷ್ಟು ಬರಬಹುದು ಅಂತ ನಿಮಗೆ ಅರ್ಧ ಗೊತ್ತಾಗಿರುತ್ತದೆ. ಅಂದರೆ ನಾಲ್ಕನೆಯವರಿಂದ ಸಿಗುವ ಹೊಸ ಮಾಹಿತಿ ಒಬ್ಬರಷ್ಟಿಲ್ಲ, ಕಡಿಮೆ. ಆ ಕೊರತೆಯನ್ನು ತುಂಬಲು ಎಷ್ಟು ಪಟ್ಟು ಜನ ಬೇಕು ಅನ್ನುವುದೇ ಡಿಸೈನ್ ಎಫೆಕ್ಟ್.

```
DEFF = 1 + (m - 1) × ρ
```

ಇಲ್ಲಿ m ಅಂದರೆ ಒಂದು ಕ್ಲಸ್ಟರಿನಲ್ಲಿ, ನಿಮ್ಮ ಸರ್ವೆಯಲ್ಲಾದರೆ ಒಂದು ಊರಿನಲ್ಲಿ, ನೋಡುವ ಜನ. ρ ಅಂದರೆ ಒಂದೇ ಕ್ಲಸ್ಟರಿನವರು ಒಬ್ಬರಿಗೊಬ್ಬರು ಎಷ್ಟು ಹೋಲುತ್ತಾರೆ ಅನ್ನುವ ಅಳತೆ. ಇದಕ್ಕೆ ಐಸಿಸಿ ಅಂತಲೂ ಹೇಳುತ್ತಾರೆ. ಹೋಲಿಕೆಯೇ ಇಲ್ಲದಿದ್ದರೆ ಸೊನ್ನೆ, ಎಲ್ಲರೂ ಒಂದೇ ಥರ ಇದ್ದರೆ ಒಂದು.

ಈಗ ನಿಮ್ಮ ಗೈಡ್ ಹೇಳಿದ ಎರಡು. ಅದು ವಿಶ್ವ ಆರೋಗ್ಯ ಸಂಸ್ಥೆಯ ಹಳೇ ಲಸಿಕೆ ಸರ್ವೆಯಿಂದ ಬಂದು ಎಲ್ಲ ಕಡೆ ಬಳಕೆಯಲ್ಲಿ ಉಳಿದುಕೊಂಡ ಸಂಖ್ಯೆ. ಅಲ್ಲಿ ಅಂತರ ಶೇ. 10 ಇತ್ತು, ಹಾಗಾಗಿ 96 ಮಕ್ಕಳು ಬೇಕಿತ್ತು. ಎರಡರಿಂದ ಗುಣಿಸಿದರೆ 192. ಅದನ್ನು 30 ಕ್ಲಸ್ಟರ್, ಕ್ಲಸ್ಟರಿಗೆ 7 ಮಕ್ಕಳು ಅಂತ ಮಾಡಿ 210ಕ್ಕೆ ತಂದರು. ಗಮನಿಸಿ, ಅಲ್ಲಿ m ಬರೀ 7. ನೀವು ಎರಡನ್ನು ಮಾತ್ರ ತೆಗೆದುಕೊಂಡು 7ನ್ನು ಬಿಟ್ಟಿದ್ದೀರಿ.

ನಿಮ್ಮ 15 ಊರಿನ ಲೆಕ್ಕ ಹಾಕೋಣ. ρ 0.05 ಅಂತ ಇಟ್ಟುಕೊಳ್ಳಿ. 770ನ್ನು 15ಕ್ಕೆ ಹಂಚಿದರೆ ಊರಿಗೆ ಸುಮಾರು 51 ಜನ. DEFF 3.5 ಆಗುತ್ತದೆ, ಎರಡಲ್ಲ. 770ನ್ನು 3.5ರಿಂದ ಭಾಗಿಸಿದರೆ ನಿಮ್ಮ ಕೈಲಿರುವುದು ಬರೀ 220 ಜನರಷ್ಟು ಮಾಹಿತಿ. ಶೇ. 5 ಅಂತ ಬರೆದುಕೊಂಡ ಅಂತರ ಶೇ. 6.6ಕ್ಕೆ ಹೋಗುತ್ತದೆ.

ಹಾಗಾದರೆ ಅದೇ 15 ಊರಲ್ಲಿ ಜನರನ್ನು ಜಾಸ್ತಿ ಮಾಡಿದರೆ? ಊರಿಗೆ 100ರಂತೆ 1500 ಜನರನ್ನು ನೋಡಿದರೂ DEFF 5.95. 1500 ಭಾಗಿಸು 5.95, ಬರುವುದು 252. ಎಷ್ಟೇ ಜನರನ್ನು ಸೇರಿಸಿದರೂ ಕ್ಲಸ್ಟರ್ ಸಂಖ್ಯೆಯನ್ನು ρಯಿಂದ ಭಾಗಿಸಿದಷ್ಟನ್ನು ದಾಟಲು ಆಗುವುದಿಲ್ಲ. ಇಲ್ಲಿ ಅದು 15 ಭಾಗಿಸು 0.05, ಅಂದರೆ 300. ನಿಮಗೆ ಬೇಕಿರುವುದು 385. ಅದಕ್ಕೇ ಮೊದಲ ಸಾಲಿನಲ್ಲೇ ಆಗುವುದಿಲ್ಲ ಅಂದೆ.

ಊರಿಗೆ 20 ಜನ ಅಂತ ಇಟ್ಟುಕೊಂಡು ಮಾಡಿ ನೋಡಿ. ಇಬ್ಬರ ತಂಡ ಒಂದು ದಿನದಲ್ಲಿ ಮುಗಿಸುವಷ್ಟು ಕೆಲಸ ಅದು.

```
DEFF = 1 + 19 × 0.05 = 1.95
385 × 1.95 = 751
751 / 0.90 = 835
835 / 20   = 42 ಕ್ಲಸ್ಟರ್
```

ಮೂರನೆಯ ಸಾಲು ಸಿಗದೇ ಹೋಗುವ ಶೇ. 10 ಜನರಿಗಾಗಿ. ಇಲ್ಲಿ ಶೇ. 10 ಕೂಡಿಸಬೇಡಿ, 0.90ರಿಂದ ಭಾಗಿಸಿ. ಊರಿಗೆ 10 ಜನ ಸಾಕು ಅಂದರೆ ಒಟ್ಟು 622 ಜನ, ಆದರೆ 63 ಊರು ಸುತ್ತಬೇಕು. 40 ಜನ ಅಂದರೆ 32 ಊರಲ್ಲಿ ಮುಗಿಯುತ್ತದೆ, ಆದರೆ 1263 ಜನ ಬೇಕು. ಮಳೆಗಾಲದಲ್ಲಿ ಜೀಪ್ ಹೋಗದ ಊರುಗಳಿರುವ ತಾಲ್ಲೂಕು ಅದು. ನಾನಾಗಿದ್ದರೆ 42ನ್ನೇ ಆರಿಸಿಕೊಳ್ಳುತ್ತಿದ್ದೆ.

0.05 ಎಲ್ಲಿಂದ ಬಂತು ಅಂತ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಇಲ್ಲಿ ನಾನು ಲೆಕ್ಕ ತೋರಿಸಲು ಇಟ್ಟುಕೊಂಡಿದ್ದು ಅಷ್ಟೆ. ನೀವು ಇದೇ ಕಾಯಿಲೆಯ, ಇಂಥದ್ದೇ ಜಾಗದ ಹಳೇ ಸರ್ವೆಯಿಂದ ತೆಗೆದುಕೊಳ್ಳಿ. ಹಳೇ ವರದಿಯಲ್ಲಿ DEFF ಮಾತ್ರ ಇದ್ದರೆ, ಅದರಲ್ಲಿ ಒಂದು ಕಳೆದು, ಅವರ m ಮೈನಸ್ ಒಂದರಿಂದ ಭಾಗಿಸಿದರೆ ρ ಸಿಗುತ್ತದೆ. ಆಮೇಲೆ ನಿಮ್ಮ m ಹಾಕಿ. ಅವರ DEFFನ್ನೇ ಹಾಗೇ ಎತ್ತಿಕೊಳ್ಳಬೇಡಿ. ಇನ್ನೊಂದು ವಿಷಯ, ಕೆಲವು ವರದಿಗಳಲ್ಲಿ DEFT ಅಂತ ಇರುತ್ತದೆ. ಅದು DEFFನ ವರ್ಗಮೂಲ. 1.4 ಅಂತ ಕಂಡರೆ DEFF ಸುಮಾರು ಎರಡು.

ನಾನು ಎಡವಿದ್ದು ಊರೊಳಗೆ. ಕ್ಲಸ್ಟರುಗಳನ್ನು ಜನಸಂಖ್ಯೆಗೆ ತಕ್ಕ ಹಾಗೆ ಸರಿಯಾಗಿಯೇ ಆರಿಸಿದ್ದೆವು. ಆದರೆ ಸಂಜೆ ಕತ್ತಲಾಗುತ್ತಿತ್ತು ಅಂತ ನಮ್ಮ ಹುಡುಗರು ಒಂದು ತೋಟದಲ್ಲಿ ಮೊದಲು ಸಿಕ್ಕ ಎರಡು ಲೈನಿನಲ್ಲೇ 20 ಜನರನ್ನು ಮುಗಿಸಿಬಿಟ್ಟರು. ಮುಂದಿನ ತೋಟಗಳಲ್ಲೂ ಅದೇ ಅಭ್ಯಾಸವಾಯಿತು. ಅಕ್ಕಪಕ್ಕದ ಬಾಗಿಲಿನವರು ಇಡೀ ಊರಿನವರಿಗಿಂತ ಜಾಸ್ತಿ ಹೋಲುತ್ತಾರೆ, ಹಾಗಾಗಿ ρ ಏರಿತು. ಎರಡು ಅಂತ ಬರೆದಿದ್ದ DEFF ಕೊನೆಗೆ ಮೂರರ ಹತ್ತಿರ ಬಂತು. ನೀವು ಊರಿನ ಮನೆಗಳ ಪಟ್ಟಿ ಮಾಡಿಕೊಂಡು ಅದರಿಂದ ಚೀಟಿ ಎತ್ತಿ. ತೋಟದ ರೈಟರ್ ಹತ್ತಿರ ಇರುವ ಹಾಜರಿ ಪಟ್ಟಿಯನ್ನು ನೆಚ್ಚಬೇಡಿ. ಕೆಲಸಕ್ಕೆ ಬರದ ಬಾಣಂತಿ, ಕಾಯಿಲೆಯವರು ಅದರಲ್ಲಿ ಇರುವುದಿಲ್ಲ. ಹಾಗೆಯೇ ಹಗಲಲ್ಲಿ ಮಾತ್ರ ಹೋದರೆ ಕೆಲಸಕ್ಕೆ ಹೋದವರು ತಪ್ಪಿಹೋಗುತ್ತಾರೆ. ಮೊದಲೇ ಸೇರಿಸಿಕೊಂಡ ಆ ಶೇ. 10 ಜನರ ಸಂಖ್ಯೆಯ ಕೊರತೆಯನ್ನು ತುಂಬುತ್ತದೆ, ಈ ಓರೆಯನ್ನು ಸರಿಮಾಡುವುದಿಲ್ಲ. ಕೆಲಸ ಬಿಟ್ಟು ಬರುವ ಹೊತ್ತಿಗೆ ಇನ್ನೊಮ್ಮೆ ಹೋಗಲೇಬೇಕು.

ಡೇಟಾ ಬಂದ ಮೇಲೆ ಸಾಮಾನ್ಯ ಶೇಕಡಾ ಲೆಕ್ಕ ಹಾಕಿ ಬಿಡಬೇಡಿ, ಅಂತರ ಸುಳ್ಳೇ ಕಿರಿದಾಗಿ ಕಾಣುತ್ತದೆ. ಆರ್‌ನಲ್ಲಿ ಇಷ್ಟು ಸಾಕು:

```r
library(survey)
des <- svydesign(ids = ~village, weights = ~wt, data = d)
svymean(~anaemia, des, deff = "replace")
```

wt ಅಂದರೆ ಸ್ಯಾಂಪ್ಲಿಂಗ್ ವೆಯ್ಟ್, ಮೈತೂಕವಲ್ಲ. anaemia ಅನ್ನುವ ಕಾಲಮ್ಮಿನಲ್ಲಿ ರಕ್ತಹೀನತೆ ಇದ್ದರೆ 1, ಇಲ್ಲದಿದ್ದರೆ 0 ಇರಲಿ. ಇದು ಕೊಡುವ DEFFನ್ನು ನೀವು ಮೊದಲು ಹಿಡಿದಿದ್ದ 1.95ರ ಪಕ್ಕದಲ್ಲೇ ಪ್ರಬಂಧದಲ್ಲಿ ಬರೆಯಿರಿ, ಜಾಸ್ತಿ ಬಂದಿದ್ದರೂ ಬರೆಯಿರಿ. ಮುಂದೆ ಮಲೆನಾಡಲ್ಲಿ ಸರ್ವೆ ಮಾಡುವವರು ρಗಾಗಿ ಹುಡುಕುವುದು ಆ ಸಾಲನ್ನೇ.