ಸ್ಟಿಕರಿನಲ್ಲಿ ಮುಖಭಾವ ಕಾಣಬೇಕಾದರೆ

"ಗೆಳೆಯನ ಫೋಟೊಗಳಿಂದ ವಾಟ್ಸ್‌ಆ್ಯಪ್ ಸ್ಟಿಕರ್ ಮಾಡಿದೆ. ಕತ್ತರಿಸುವಾಗ ಚೆನ್ನಾಗಿದ್ದವು, ಚಾಟಿನಲ್ಲಿ ನೋಡಿದರೆ ನಗುವೋ ಅಳುವೋ ತಿಳಿಯುತ್ತಿಲ್ಲ. ಎಲ್ಲಿ ತಪ್ಪಿದೆ?"

ಬಹುಶಃ ಸೊಂಟದವರೆಗಿನ ದೇಹವನ್ನೂ ಉಳಿಸಿಕೊಂಡಿದ್ದೀರಿ. ಸ್ಟಿಕರಿನ ಚೌಕ 512 ಪಿಕ್ಸೆಲ್ ಇದ್ದರೂ ಆಯ್ಕೆಯ ಪಟ್ಟಿಯಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟೇ ಕಾಣುತ್ತದೆ. ಅಂಗಿಯೇ ಅರ್ಧ ಜಾಗ ತಿಂದರೆ ಮುಖಕ್ಕೆ ಉಳಿಯುವುದು ಕಡಲೆಕಾಳಿನಷ್ಟು.

ನಾನೂ ಮದುವೆಮನೆಯಲ್ಲಿ ತೆಗೆದ ಗುಂಪುಚಿತ್ರದಿಂದ ಗೆಳೆಯನೊಬ್ಬನ 'ಅಯ್ಯೋ' ಮುಖವನ್ನು ಕತ್ತರಿಸಿದ್ದೆ. ಮೂಲದಲ್ಲೇ ಅವನ ಮುಖ ಚಿಕ್ಕದಿತ್ತು. ಹಿಗ್ಗಿಸಿದಾಗ ಹುಬ್ಬು, ಕಣ್ಣು ಕಲೆಸಿಹೋದವು. ಕೊನೆಗೆ ಅವನನ್ನೇ ಕೇಳಿ, ಕಿಟಕಿಯ ಎದುರು ನಿಲ್ಲಿಸಿ, ಹತ್ತಿರದಿಂದ ಮತ್ತೆ ತೆಗೆದೆ. ನಾಟಕದವರಂತೆ ಅತಿಯಾಗಿ ಅಭಿನಯಿಸಲು ಹೇಳಿದೆ. ದೊಡ್ಡ ಪರದೆಯಲ್ಲಿ ಅತಿರೇಕವೆನಿಸುವ ಮುಖವೇ ಚಿಕ್ಕದಾದಾಗ ಸಹಜವಾಗಿ ಕಾಣುತ್ತದೆ. ಭಾವವನ್ನು ಹೊರುವುದು ಹುಬ್ಬು, ಕಣ್ಣು, ಬಾಯಿ. ಆದ್ದರಿಂದ ತಲೆಗೂದಲಿನಿಂದ ಗದ್ದದವರೆಗೆ ಮಾತ್ರ ಉಳಿಸಿದೆ. ಹಣೆಗೆ ಬಡಿದುಕೊಂಡ ಕೈ ಮುಖಕ್ಕೆ ಅಂಟಿಕೊಂಡಿದ್ದರಿಂದ ಅದನ್ನೂ ಉಳಿಸಿಕೊಂಡೆ.

ನೆರಳು ಬಿದ್ದ ಕಣ್ಣುಗಳನ್ನು ಸ್ವಲ್ಪ ಬೆಳಗಿಸಿ, ಕಾಂಟ್ರಾಸ್ಟ್ ತುಸು ಏರಿಸಿ. ಸುತ್ತ 8 ಪಿಕ್ಸೆಲ್ ಬಿಳಿ ಅಂಚು ಕೊಡಿ, ಇಲ್ಲವಾದರೆ ಡಾರ್ಕ್ ಮೋಡ್‌ನಲ್ಲಿ ಕಪ್ಪು ಕೂದಲು ಹಿನ್ನೆಲೆಯಲ್ಲಿ ಕರಗುತ್ತದೆ. ಸ್ಥಿರ ಸ್ಟಿಕರಿನ ಕಡತ 100 ಕೆಬಿ ಮೀರಬಾರದು.

ಪರೀಕ್ಷೆ ಸುಲಭ: ಚಿತ್ರವನ್ನು 96 ಪಿಕ್ಸೆಲಿಗೆ ಕುಗ್ಗಿಸಿ, ಗೆಳೆಯನ ಪರಿಚಯವಿಲ್ಲದವರಿಗೆ ತೋರಿಸಿ. 'ಕೋಪವೋ, ಆಶ್ಚರ್ಯವೋ' ಎಂದು ಅವರು ತಡವರಿಸಿದರೆ ಆ ಫೋಟೊವನ್ನು ಕೈಬಿಡಿ. ನನ್ನ ಹದಿನಾಲ್ಕು ಫೋಟೊಗಳಲ್ಲಿ ಉಳಿದದ್ದು ಆರು.