‘ಗೊತ್ತಾಯ್ತಾ?’ ಅಂದರೆ ತಲೆಯಾಡಿಸುವ ಹುಡುಗ

(ಹೆಸರು, ಗುರುತು ಬದಲಿಸಿದ್ದೇನೆ.)

ಕಿರಣನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. "ಹೇಳಿದ್ದು ಕೇಳಲ್ಲ, ಪಕ್ಕದವನನ್ನು ನೋಡಿ ಬರೀತಾನೆ" ಅನ್ನುವುದು ಟೀಚರ್ ದೂರು. ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂತ ಯಾರೋ ಹೇಳಿದ್ದರಂತೆ. ತಾಯಿ ಆರು ತಿಂಗಳು ಹಾಗೇ ಮಾಡಿದರು. ಹುಡುಗನ ಮಾತು ಇನ್ನೂ ಕಡಿಮೆಯಾಯಿತು.

ಅವನ ತೊಂದರೆ ಏನು ಅಂತ ನೋಡಲು ನಾನು ಕನ್ನಡದಲ್ಲೇ ಶುರು ಮಾಡಿದೆ. ಕೂಡುವ, ಕಳೆಯುವ ಲೆಕ್ಕ ಸರಸರ ಮಾಡಿದ. "ರವಿ ಹತ್ತಿರ 12 ಗೋಲಿ ಇವೆ. ಸುಮಾಗಿಂತ 5 ಜಾಸ್ತಿ. ಸುಮಾ ಹತ್ತಿರ ಎಷ್ಟು?" ಅಂದರೆ 17 ಅಂದ. ಗೋಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ತೋರಿಸಿದಾಗ ತಕ್ಷಣ 7 ಅಂದ. ಈ ತಪ್ಪನ್ನು ಎಷ್ಟೋ ಮಕ್ಕಳು ಮಾಡುತ್ತಾರೆ, ಅದೊಂದೇ ಸಾಲದು. "ಪುಸ್ತಕ ಮುಚ್ಚುವ ಮೊದಲು ತಾರೀಖು ಬರಿ" ಅಂದೆ. ಪುಸ್ತಕ ಮುಚ್ಚಿದ. ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದ. ಎರಡು ಚಿತ್ರ ಇಟ್ಟು "ಬೆಕ್ಕನ್ನು ನಾಯಿ ಅಟ್ಟಿಸಿಕೊಂಡು ಹೋಯಿತು" ಅಂದೆ. ಬೆಕ್ಕು ನಾಯಿಯನ್ನು ಓಡಿಸುವ ಚಿತ್ರ ತೋರಿಸಿದ. ‘ಬೆಕ್ಕನ್ನು’ ಪದದ ಕೊನೆಯ ‘ಅನ್ನು’ ಅವನಿಗೆ ಸುಳಿವೇ ಆಗಲಿಲ್ಲ. ಮೊದಲು ಕೇಳಿದ್ದನ್ನೇ ಹಿಡಿದುಕೊಂಡ.

ತೊಂದರೆ ಇಂಗ್ಲಿಷಿನಲ್ಲಿ ಮಾತ್ರ ಇದ್ದಿದ್ದರೆ ಭಾಷೆ ಹೊಸತು ಅನ್ನಬಹುದಿತ್ತು. ಮನೆಮಾತಿನಲ್ಲೂ ಇದೆ ಅಂದರೆ ಬೇರೆಯೇ ವಿಷಯ. ಮಾತು ತಡವಾಗಿ ಬಂದಿತ್ತು, ಎರಡೂವರೆ ವರ್ಷಕ್ಕೂ "ಅಮ್ಮ ನೀರು" ಅಂತ ಎರಡು ಪದ ಜೋಡಿಸುತ್ತಿರಲಿಲ್ಲ ಅಂತ ತಾಯಿ ನೆನಪಿಸಿಕೊಂಡರು. ತೊಂದರೆಗೆ ಹೆಸರು ಕೊಡುವುದು ನನ್ನ ಕೆಲಸವಲ್ಲ. ಮೊದಲು ಕಿವಿ ಪರೀಕ್ಷೆಗೆ, ಆಮೇಲೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದೆ. ಕಿವಿ ಸರಿಯಿತ್ತು. ಥೆರಪಿಸ್ಟ್ ಎರಡೂ ಭಾಷೆಯಲ್ಲಿ ನೋಡಿ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್ ಅಂದರು. ಅಂದರೆ ಭಾಷೆಯನ್ನು ಅರ್ಥ ಮಾಡಿಕೊಳ್ಳಲು, ಬಳಸಲು ಕಷ್ಟ. ನೂರು ಮಕ್ಕಳಲ್ಲಿ ಸುಮಾರು ಏಳು ಮಂದಿಗೆ ಇರುವ ತೊಂದರೆ ಇದು. ಹೊರಗೆ ಕಾಣುವುದಿಲ್ಲ, ಅದಕ್ಕೇ ‘ಸೋಮಾರಿ’ ಅನ್ನಿಸಿಕೊಳ್ಳುತ್ತಾರೆ.

ತಾಯಿ ಕೇಳಿದ್ದು ಒಂದೇ: "ನಾನು ಕನ್ನಡ ಮಾತಾಡಿದ್ದಕ್ಕೆ ಹೀಗಾಯ್ತಾ ಮೇಡಂ?" ಖಂಡಿತ ಇಲ್ಲ. ಎರಡು ಭಾಷೆಯಿಂದ ಇದು ಬರುವುದಿಲ್ಲ. ಇವತ್ತಿನಿಂದಲೇ ಮತ್ತೆ ಕನ್ನಡ ಮಾತಾಡಿ ಅಂದೆ. ರಾತ್ರಿ ಅವನ ದಿನದ ಒಂದು ಘಟನೆ ಮಾತಾಡಲಿ. "ನಿನ್ನೆ ನಾನು ಬೀಳ್ತೀನಿ" ಅಂದರೆ ತಿದ್ದಬೇಡಿ, "ಹೌದಾ, ನಿನ್ನೆ ನೀನು ಬಿದ್ದೆಯಾ? ಎಲ್ಲಿ?" ಅಂತ ಸರಿಯಾಗಿ ಹೇಳಿ ಮಾತು ಮುಂದುವರಿಸಿ.

ಟೀಚರ್ ಜೊತೆ ಜಾಸ್ತಿ ಹೊತ್ತು ಕೂತೆ. ಮಾಡಬೇಕಾದ ಕ್ರಮದಲ್ಲೇ ಹೇಳಿ: "ತಾರೀಖು ಬರಿ." ಬರೆದ ಮೇಲೆ, "ಈಗ ಪುಸ್ತಕ ಮುಚ್ಚು." ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ, ಅಷ್ಟರಲ್ಲಿ ಇನ್ನೊಬ್ಬರನ್ನು ಕೇಳಬೇಡಿ. "ಗೊತ್ತಾಯ್ತಾ?" ಅಂದರೆ ಅವನು ಯಾವಾಗಲೂ ತಲೆಯಾಡಿಸುತ್ತಾನೆ. "ಈಗ ಏನು ಮಾಡ್ತೀಯ, ಹೇಳು" ಅನ್ನಿ. ಹೊಸ ಪಾಠದ ನಾಲ್ಕೈದು ಪದ ಹಿಂದಿನ ದಿನವೇ ಚಿತ್ರದ ಜೊತೆ ಮನೆಗೆ ಕಳಿಸಿ.

ಇದು ಪೂರ್ತಿ ಹೋಗುವುದಿಲ್ಲ ಅಂತ ಇಬ್ಬರಿಗೂ ಹೇಳಿದ್ದೇನೆ. ಮೂರು ತಿಂಗಳಾದ ಮೇಲೆ ಕ್ಲಾಸಿನಲ್ಲಿ "ಟೀಚರ್, ಇನ್ನೊಂದ್ಸಲ ಹೇಳಿ" ಅನ್ನುತ್ತಿದ್ದಾನೆ. ವಾಕ್ಯದ ಲೆಕ್ಕ ಇನ್ನೂ ಕಷ್ಟವೇ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಚಿಕ್ಕ ವಾಕ್ಯ ಮಾಡಿ ಓದಿ ಹೇಳಲು ಶಾಲೆ ಒಪ್ಪಬೇಕು. ಆ ಮಾತುಕತೆ ನಡೆಯುತ್ತಿದೆ.