ಕಡಿಮೆ ಬಾಡಿಗೆಯ ಫ್ಲಾಟ್ ಸಿಕ್ಕಿದೆ, ಮೇಷ್ಟ್ರಿಗೆ ಹೇಗೆ ಹೇಳಲಿ?

*ಹಾಸನದ ವಿದ್ಯಾನಗರದಲ್ಲಿ ಮೂರು ವರ್ಷದಿಂದ ಬಾಡಿಗೆಗೆ ಇದ್ದೇವೆ. ಕೆಳಗಿನ ಮನೆಯಲ್ಲಿ ಓನರ್, ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ನನ್ನ ಮಗಳನ್ನು ಅರ್ಧ ಸಾಕಿದ್ದೇ ಆ ಅಮ್ಮ. ಬಾಡಿಗೆ 12,000, ಅಡ್ವಾನ್ಸ್ 60,000. ಹನ್ನೊಂದು ತಿಂಗಳ ಕರಾರು ಜುಲೈ 31ಕ್ಕೆ ಮುಗಿಯುತ್ತದೆ, ಇನ್ನು ಎರಡು ತಿಂಗಳಿದೆ. ಬಿ.ಎಂ. ರಸ್ತೆ ಕಡೆ 8,500ಕ್ಕೆ ಫ್ಲಾಟ್ ಸಿಕ್ಕಿದೆ, ಮೇಂಟೆನೆನ್ಸ್ 900 ಬೇರೆ. ನಮ್ಮ ಯಜಮಾನರು 'ಟ್ರಾನ್ಸ್‌ಫರ್ ಆಯ್ತು ಅಂತ ಬರೆದುಬಿಡೋಣ' ಅನ್ನುತ್ತಾರೆ. ಕಡಿಮೆ ಬಾಡಿಗೆಗಾಗಿ ಹೋಗ್ತಿದ್ದೀವಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪತ್ರದಲ್ಲಿ ಏನು ಬರೆಯಲಿ?*
*– ಎಸ್., ಹಾಸನ*

ಟ್ರಾನ್ಸ್‌ಫರ್ ಅಂತ ಬರೆಯಬೇಡಿ. ನೀವು ಊರು ಬಿಡುತ್ತಿಲ್ಲ. ಮುಂದಿನ ತಿಂಗಳೇ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುವಾಗ ಅಮ್ಮ ಎದುರಿಗೆ ಸಿಗಬಹುದು. ಆಗ ಅವರಿಗೆ ನೋವಾಗುವುದು ನೀವು ಮನೆ ಬಿಟ್ಟಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ. ಇನ್ನೊಂದು ವಿಷಯವೂ ಇದೆ. ನಿಮ್ಮ 60,000 ಇನ್ನೂ ಅವರ ಕೈಯಲ್ಲಿದೆ. ಆ ಲೆಕ್ಕ ಮುಗಿಯುವ ಮೊದಲು ನಿಮ್ಮ ಮಾತಿನ ಮೇಲೆ ಅವರಿಗೆ ಅನುಮಾನ ಬರುವುದು ಒಳ್ಳೆಯದಲ್ಲ.

ನಿಜ ಹೇಳಬೇಕಾದರೆ ಕಾರಣ ಕೊಡುವ ಅಗತ್ಯವೇ ಇಲ್ಲ. ಕರಾರಿನ ಅವಧಿ ಮುಗಿದಾಗ ಬಾಡಿಗೆ ಸಂಬಂಧ ತಾನಾಗಿಯೇ ಮುಗಿಯುತ್ತದೆ, ಬೇಡ ಅನ್ನುವ ಹಕ್ಕು ಇಬ್ಬರಿಗೂ ಇದೆ. ಆದರೆ ಮೂರು ವರ್ಷ ಒಂದೇ ಗೇಟು ಬಳಸಿದವರಿಗೆ ಕಾರಣ ಹೇಳದೆ ಹೋಗುವುದು ನಿಮ್ಮಿಂದ ಆಗದು ಅಂತ ಪತ್ರದಲ್ಲೇ ಕಾಣುತ್ತಿದೆ. ಹಾಗಾಗಿ ಹೇಳಿ, ಒಂದೇ ಸಾಲಿನಲ್ಲಿ. 8,500 ಅನ್ನುವ ಅಂಕಿ ಮಾತ್ರ ಬರೆಯಬೇಡಿ.

ಯಾಕೆ ಅಂದರೆ, ಅಂಕಿ ಕಂಡ ತಕ್ಷಣ ಅದು ಚೌಕಾಸಿಯ ಪತ್ರ ಆಗುತ್ತದೆ. ಮೇಷ್ಟ್ರು 'ಹಾಗಾದರೆ 10,500 ಕೊಡಿ, ಇರಿ' ಅನ್ನಬಹುದು. ಅಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ನೀವು ಮುಲಾಜಿಗೆ ಹೂಂ ಅನ್ನುತ್ತೀರಿ. ಅಷ್ಟರಲ್ಲಿ ಹೊಸ ಫ್ಲಾಟಿಗೆ ಕೊಟ್ಟ ಟೋಕನ್ ಹಣ ಹೋಗಿರುತ್ತದೆ. ಅದಕ್ಕೇ ಪತ್ರ ಬರೆಯುವ ಮೊದಲು ಗಂಡ ಹೆಂಡತಿ ಕೂತು ಒಂದು ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳಿ: ಎಷ್ಟಕ್ಕೆ ಇಳಿಸಿದರೆ ನಾವು ಇಲ್ಲೇ ಇರುತ್ತೇವೆ? ಫ್ಲಾಟಿಗೆ ಮೇಂಟೆನೆನ್ಸ್ ಸೇರಿ 9,400 ಆಗುತ್ತದೆ. ಅಂದರೆ ತಿಂಗಳಿಗೆ ಉಳಿಯುವುದು 2,600, ಹನ್ನೊಂದು ತಿಂಗಳಿಗೆ 28,600. ಅದರಲ್ಲಿ ಸಾಮಾನು ಸಾಗಿಸುವ ಟೆಂಪೋ, ಆಳುಗಳ ಕೂಲಿ ಕಳೆಯಿರಿ. ಇದನ್ನು ನೋಡಿಯೂ '10,500 ಆದರೆ ಇಲ್ಲೇ ಇರೋಣ' ಅನ್ನಿಸಿದರೆ ಪತ್ರವೇ ಬೇಡ. ಕೆಳಗಿಳಿದು ಹೋಗಿ ಬಾಡಿಗೆ ಇಳಿಸಲು ನೇರವಾಗಿ ಕೇಳಿ. ಹೋಗುವುದೇ ಖಚಿತ ಅಂದರೆ ಮಾತ್ರ ಬರೆಯಿರಿ. ಬರೆದ ಮೇಲೆ ಬಾಡಿಗೆಯ ಮಾತು ಎತ್ತಬೇಡಿ.

ಈಗ ಕರಾರು ತೆಗೆದು ಎರಡು ಕಡೆ ನೋಡಿ. ಮೊದಲನೆಯದು ನೋಟಿಸ್ ಅವಧಿ. ಹೆಚ್ಚಿನ ಕರಾರುಗಳಲ್ಲಿ ಒಂದು ಅಥವಾ ಎರಡು ತಿಂಗಳು ಮೊದಲೇ ತಿಳಿಸಬೇಕು ಅಂತ ಇರುತ್ತದೆ. ಎರಡು ತಿಂಗಳು ಅಂತಿದ್ದರೆ ಇವತ್ತೇ ಕೊಡಿ. ಎರಡನೆಯದು ಹೆಸರು. ಕರಾರು ನಿಮ್ಮ ಯಜಮಾನರ ಹೆಸರಲ್ಲಿದ್ದರೆ ಅವರೇ ಸಹಿ ಹಾಕಲಿ. ಮನೆ ಅಮ್ಮನ ಹೆಸರಲ್ಲಿ ಇದ್ದು ಕರಾರಿಗೆ ಅವರು ಸಹಿ ಮಾಡಿದ್ದರೆ ಪತ್ರ ಅವರ ಹೆಸರಿಗೇ ಇರಲಿ. ಹೀಗೆ ಬರೆದರೆ ಸಾಕು:

"ಮಾನ್ಯ ಮೇಷ್ಟ್ರಿಗೆ ನಮಸ್ಕಾರ. ನಿಮ್ಮ ಮೊದಲ ಮಹಡಿಯ ಮನೆಯ ಬಾಡಿಗೆ ಕರಾರು ಜುಲೈ 31ಕ್ಕೆ ಮುಗಿಯುತ್ತದೆ. ಅದನ್ನು ನಾವು ಮುಂದುವರಿಸುತ್ತಿಲ್ಲ. ನಮ್ಮ ಖರ್ಚಿಗೆ ಹೊಂದುವ, ಕಡಿಮೆ ಬಾಡಿಗೆಯ ಫ್ಲಾಟ್ ಸಿಕ್ಕಿದೆ. ಜುಲೈ 31ರ ಸಂಜೆಯೊಳಗೆ ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸುತ್ತೇವೆ. ಅಲ್ಲಿಯವರೆಗಿನ ಬಾಡಿಗೆ ಎಂದಿನಂತೆ ಕೊಡುತ್ತೇವೆ. ಕರಾರಿನಂತೆ ಹಿಡಿಯಬೇಕಾದ್ದನ್ನು ಹಿಡಿದುಕೊಂಡು, 60,000 ರೂಪಾಯಿ ಅಡ್ವಾನ್ಸ್‌ನಲ್ಲಿ ಉಳಿದದ್ದನ್ನು ಅಂದು ಕೊಡಬೇಕಾಗಿ ಕೋರುತ್ತೇವೆ. ಮನೆ ನೋಡಲು ಬರುವವರಿಗೆ ಸಂಜೆ 6ರ ನಂತರ ತೋರಿಸುತ್ತೇವೆ."

ಅಮ್ಮ ಮಗಳನ್ನು ನೋಡಿಕೊಂಡದ್ದು, ಮೂರು ವರ್ಷದ ಋಣ, ಇವನ್ನು ಪತ್ರದಲ್ಲಿ ಬೆರೆಸಬೇಡಿ. ಅದನ್ನು ಬಾಯಲ್ಲೇ ಹೇಳಬೇಕು. ಇಬ್ಬರೂ ಮನೆಯಲ್ಲಿರುವ ಹೊತ್ತಿಗೆ ಮಗಳನ್ನೂ ಕರೆದುಕೊಂಡು ಹೋಗಿ. ಮೊದಲು ವಿಷಯ ಹೇಳಿ, ಆಮೇಲೆ ಪತ್ರ ಕೊಡಿ. 'ತಲುಪಿದೆ' ಅಂತ ಸಹಿ ಕೇಳಲು ಸಂಕೋಚ ಆದರೆ, ಅದೇ ಸಂಜೆ ಪತ್ರದ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ತಾರೀಖಿಗೆ ಒಂದು ದಾಖಲೆ ಆಗುತ್ತದೆ.

ನೀವು ಯೋಚಿಸದೇ ಇರುವ ತೊಡಕು ಆಷಾಢ. ಜುಲೈ 31ರ ಹೊತ್ತಿಗೆ ಆಷಾಢ ಇದ್ದರೆ ನಮ್ಮ ಕಡೆ ಮನೆ ಬದಲಿಸುವವರೇ ಇರುವುದಿಲ್ಲ. ಮೇಷ್ಟ್ರ ಮನೆ ಖಾಲಿ ಬೀಳುತ್ತದೆ, ನಿಮ್ಮ ಅಡ್ವಾನ್ಸೂ ತಡವಾಗುತ್ತದೆ. ಹೊಸ ಬಾಡಿಗೆದಾರರು ಕೊಟ್ಟ ಅಡ್ವಾನ್ಸ್‌ನಿಂದಲೇ ಹಳಬರಿಗೆ ವಾಪಸ್ ಕೊಡುವ ಓನರ್‌ಗಳು ಜಾಸ್ತಿ, ಅಲ್ವಾ? ಈಗಲೇ ತಿಳಿಸಿದರೆ ಆಷಾಢಕ್ಕೆ ಮೊದಲೇ ಅವರು ಟು-ಲೆಟ್ ಬೋರ್ಡ್ ಹಾಕಬಹುದು. ಶ್ರಾವಣಕ್ಕೆ ಬರುವವರು ಈಗಲೇ ಮಾತಾಡಿಕೊಂಡು ಹೋಗುತ್ತಾರೆ. ನೀವೂ ಅಷ್ಟೇ, ಹೊಸ ಫ್ಲಾಟಿನಲ್ಲಿ ಮೊದಲೇ ಒಂದು ಒಳ್ಳೆ ದಿನ ಹಾಲು ಉಕ್ಕಿಸಿ ಬಂದು, ಸಾಮಾನು ಆಮೇಲೆ ಸಾಗಿಸಬಹುದು. ಆದರೆ ಅಲ್ಲಿನ ಬಾಡಿಗೆ ಯಾವ ದಿನದಿಂದ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ.

ಶ್ರಾವಣ ಬರುವವರೆಗೆ ಇಲ್ಲೇ ಇರುತ್ತೇವೆ ಅನ್ನುವುದಾದರೆ ಸುಮ್ನೆ ಉಳಿದುಬಿಡಬೇಡಿ. ಕರಾರು ಮುಗಿದ ಮೇಲೂ ನೀವಿದ್ದು, ಅವರು ಬಾಡಿಗೆ ತೆಗೆದುಕೊಂಡರೆ, ಸಾಮಾನ್ಯವಾಗಿ ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ ಅಂತ ಆಗುತ್ತದೆ. ಆಗ ಬಿಡಲು ಮತ್ತೆ ನೋಟಿಸ್ ಕೊಡಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಅದು 15 ದಿನ. ಹಾಗಾಗಿ ಯಾವ ತಾರೀಖಿನವರೆಗೆ ಇರುತ್ತೀರಿ, ಆ ದಿನಗಳಿಗೆ ಎಷ್ಟು ಬಾಡಿಗೆ ಅನ್ನುವುದನ್ನು ಪತ್ರದಲ್ಲೇ ಸೇರಿಸಿ.

ಅಡ್ವಾನ್ಸ್ ಬಗ್ಗೆ ಇನ್ನೆರಡು ಮಾತು. 'ಕೊನೆಯ ಎರಡು ತಿಂಗಳ ಬಾಡಿಗೆ ಅದರಲ್ಲೇ ಹಿಡಿದುಕೊಳ್ಳಿ' ಅಂತ ನೀವಾಗಿಯೇ ಬಾಡಿಗೆ ನಿಲ್ಲಿಸಬೇಡಿ. ಅವರು ಒಪ್ಪಿದರೆ ಮಾತ್ರ ಸರಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ನಿಮ್ಮ ಕರಾರಿನಲ್ಲೂ ಹಾಗೇ ಇದ್ದರೆ ವಾಪಸ್ ಬರುವುದು 48,000. ಹೊಸ ಫ್ಲಾಟಿನ ಅಡ್ವಾನ್ಸ್ ಅದಕ್ಕೆ ಮೊದಲೇ ಕೊಡಬೇಕಾಗುತ್ತದೆ. ಈ ಹಣ ನಂಬಿಕೊಂಡು ಅಲ್ಲಿ ಮಾತು ಕೊಡಬೇಡಿ, ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಮೇಷ್ಟ್ರು 'ಹದಿನೈದು ದಿನ ಕೊಡಿ' ಅಂದರೆ ಒಪ್ಪಿಕೊಳ್ಳಿ, ತಾರೀಖನ್ನು ಮಾತ್ರ ಬರೆಸಿಕೊಳ್ಳಿ.

ಬೀಗದ ಕೈ ಕೊಡುವ ದಿನ ಮೇಷ್ಟ್ರನ್ನು ಮೇಲೆ ಕರೆದು ಕೋಣೆ ಕೋಣೆ ತೋರಿಸಿ. ಕರೆಂಟ್ ಮೀಟರ್ ರೀಡಿಂಗ್‌ನ ಫೋಟೋ ತೆಗೆದುಕೊಳ್ಳಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಈ ಮನೆಯ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿದ್ದರೆ ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿ, ಹೊಸ ಫ್ಲಾಟಿನ ಸಂಖ್ಯೆಗೆ ಹಾಕಿಸಿ. ಇಲ್ಲದಿದ್ದರೆ ಅಲ್ಲಿ ನಿಮಗೆ ಪೂರ್ತಿ ಬಿಲ್ ಬರುತ್ತದೆ, ಇಲ್ಲಿಗೆ ಬರುವವರಿಗೂ ತೊಂದರೆ.